ಅಂತಿಮ ದಾಸ್ತಾನಿನ ಬೆಲೆ ಕಟ್ಟುವುದು: ಅಸಲು ಮತ್ತು ನಿವ್ವಳ ವಸೂಲಿ ಮೌಲ್ಯಗಳಲ್ಲಿ ಕಡಿಮೆಯದು

ಲೆಕ್ಕದ ವರ್ಷ ಮುಗಿಯುವ ದಿನ ಮಾರಾಟವಾಗದೆ ಉಳಿದ ಸರಕಿಗೆ ಅಂತಿಮ ದಾಸ್ತಾನು ಎಂದು ಹೆಸರು. ಅದನ್ನು ಅಢಾವೆ ಪತ್ರಿಕೆಯಲ್ಲಿ ಯಾವ ಬೆಲೆಗೆ ತೋರಿಸಬೇಕು ಎಂಬುದಕ್ಕೆ ನಿಯಮ ಒಂದೇ. ಸರಕು ನಮ್ಮ ಗೋದಾಮು ಸೇರುವ ತನಕ ನಮಗೆ ಬಿದ್ದ ಅಸಲು ಬೆಲೆ ಒಂದು ಕಡೆ. ಅದನ್ನು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಹಣ, ಅಂದರೆ ನಿವ್ವಳ ವಸೂಲಿ ಮೌಲ್ಯ, ಇನ್ನೊಂದು ಕಡೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ದಾಸ್ತಾನಿನ ಬೆಲೆ. ಭಾರತದಲ್ಲಿ ಈ ನಿಯಮವನ್ನು ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಎರಡನೇ ಲೆಕ್ಕಪತ್ರ ಮಾನಕ, ಅಂದರೆ ಎಎಸ್ 2, ಹೇಳುತ್ತದೆ. ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್ 2 ಅನ್ವಯಿಸುತ್ತದೆ. ಆದಾಯ ತೆರಿಗೆಯ ಲೆಕ್ಕಕ್ಕೆ 2016ರಲ್ಲಿ ಅಧಿಸೂಚಿತವಾದ ಐಸಿಡಿಎಸ್ 2 ಇದೆ. ಮೂರರ ತಿರುಳೂ ಒಂದೇ.

ಈ ನಿಯಮ ಎಲ್ಲ ಊರಿಗೂ ಒಂದೇ ಆದರೂ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಯಲ್ಲಿ ಅದರ ಭಾರ ಹೆಚ್ಚು. ಕಾರಣ ಇಲ್ಲಿನ ಬೆಳೆಯ ಕಾಲಕ್ರಮದಲ್ಲಿದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರಿನಿಂದ ಫೆಬ್ರುವರಿಯೊಳಗೆ ರಾಶಿಯಾಗುತ್ತದೆ. ಹಿಂಗಾರಿನ ಕಡಲೆ ಮತ್ತು ಬಿಳಿಜೋಳ ಅದರ ಬೆನ್ನಿಗೇ ಬರುತ್ತವೆ. ದ್ರಾಕ್ಷಿ ಕೊಯ್ದು ಒಣಗಿಸಿ ಮಣೂಕ ಮಾಡುವ ಕೆಲಸವೂ ಬೇಸಿಗೆಯ ಮೊದಲ ತಿಂಗಳುಗಳದ್ದೇ. ಹೀಗಾಗಿ ಮಾರ್ಚ್ 31ರಂದು, ಲೆಕ್ಕ ಮುಗಿಸುವ ಹೊತ್ತಿಗೆ, ಇಲ್ಲಿನ ವ್ಯಾಪಾರಿಯ ಗೋದಾಮು ವರ್ಷದ ಬಹುತೇಕ ದಿನಗಳಿಗಿಂತ ಹೆಚ್ಚು ತುಂಬಿರುತ್ತದೆ. ಬಟ್ಟೆ ಅಂಗಡಿಯವನಿಗೆ ದಾಸ್ತಾನಿನ ಬೆಲೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಲಾಭವೂ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ತೊಗರಿ ವ್ಯಾಪಾರಿಗೆ ಕ್ವಿಂಟಲ್‌ಗೆ ನೂರು ರೂಪಾಯಿ ತಪ್ಪಿದರೂ ವರ್ಷದ ಫಲಿತಾಂಶವೇ ತಿರುಗಿಬೀಳಬಹುದು.

ಹೀಗೇಕಾಗುತ್ತದೆ ಎಂಬುದು ವ್ಯಾಪಾರ ಖಾತೆಯನ್ನು ನೋಡಿದರೆ ತಿಳಿಯುತ್ತದೆ. ಎಡಗಡೆ ವರ್ಷದ ಆರಂಭದ ಸರಕು ಮತ್ತು ಖರೀದಿ, ಬಲಗಡೆ ಮಾರಾಟ ಮತ್ತು ಅಂತಿಮ ದಾಸ್ತಾನು. ಬಲಗಡೆಯ ದಾಸ್ತಾನಿಗೆ ಒಂದು ರೂಪಾಯಿ ಸೇರಿಸಿದರೆ ಆ ವರ್ಷದ ಲಾಭಕ್ಕೆ ಒಂದು ರೂಪಾಯಿ ಸೇರುತ್ತದೆ. ಖರೀದಿಗೆ ಬಿಲ್ಲು ಇರುತ್ತದೆ, ಮಾರಾಟಕ್ಕೂ ಬಿಲ್ಲು ಇರುತ್ತದೆ. ದಾಸ್ತಾನಿನ ತೂಕವನ್ನು ಎಣಿಸಬಹುದು, ಆದರೆ ಅದರ ಬೆಲೆಗೆ ಬಿಲ್ಲು ಇರುವುದಿಲ್ಲ; ಅದನ್ನು ವ್ಯಾಪಾರಿ ತಾನೇ ಕಟ್ಟುತ್ತಾನೆ. ಕಿರ್ದಿ ಖತಾವಣಿ ಎಷ್ಟೇ ಚೊಕ್ಕವಾಗಿದ್ದರೂ ಈ ಒಂದು ಅಂಕಿ ಸಡಿಲವಾಗಿದ್ದರೆ ಲೆಕ್ಕದ ಕೊನೆಯ ಸಾಲಿನ ಲಾಭ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ.

ಅಸಲು ಬೆಲೆಯಲ್ಲಿ ಏನು ಸೇರುತ್ತದೆ

ಎಪಿಎಂಸಿಯ ಹರಾಜಿನಲ್ಲಿ ಕೂಗಿದ ದರ ಮಾತ್ರ ಅಸಲು ಅಲ್ಲ. ಖರೀದಿಯ ಮೇಲೆ ಕಟ್ಟುವ ಮಾರುಕಟ್ಟೆ ಶುಲ್ಕ, ಖರೀದಿದಾರ ಕೊಡುವ ದಲಾಲಿ, ಹಮಾಲಿ, ಚೀಲದ ಖರ್ಚು, ಯಾರ್ಡಿನಿಂದ ಗೋದಾಮಿಗೆ ತಂದ ಗಾಡಿ ಬಾಡಿಗೆ ಎಲ್ಲವೂ ಸೇರುತ್ತವೆ. ಸರಕನ್ನು ಈಗಿರುವ ಜಾಗಕ್ಕೆ, ಈಗಿರುವ ಸ್ಥಿತಿಗೆ ತರಲು ಆದ ಖರ್ಚು ಎಂಬುದು ಇಲ್ಲಿನ ಅಳತೆಗೋಲು. ಬೇರೆ ಬೇರೆ ದಿನ ಬೇರೆ ಬೇರೆ ದರಕ್ಕೆ ಕೊಂಡ ತೊಗರಿ ಗೋದಾಮಿನಲ್ಲಿ ಒಂದೇ ರಾಶಿಯಾಗಿರುವುದರಿಂದ, ಮೊದಲು ಬಂದದ್ದು ಮೊದಲು ಹೋಯಿತೆಂದು ಹಿಡಿದೋ ತೂಕಕ್ಕೆ ತಕ್ಕ ಸರಾಸರಿ ತೆಗೆದೋ ಕ್ವಿಂಟಲ್‌ನ ಅಸಲನ್ನು ಗೊತ್ತುಮಾಡುತ್ತಾರೆ. ಕೊನೆಗೆ ಬಂದದ್ದು ಮೊದಲು ಹೋಯಿತೆಂಬ ಪದ್ಧತಿಗೆ ಎಎಸ್ 2ರಲ್ಲಿ ಜಾಗವಿಲ್ಲ.

ಖರೀದಿಯಾದ ಮೇಲೆ ಸುಮ್ಮನೆ ಇಟ್ಟುಕೊಂಡದ್ದಕ್ಕೆ ಆದ ಗೋದಾಮು ಬಾಡಿಗೆ, ಮಾರುವ ಖರ್ಚು, ಕಚೇರಿ ಖರ್ಚು, ಲೆಕ್ಕಕ್ಕಿಂತ ಹೆಚ್ಚಾದ ಹಾನಿ ಇವು ಅಸಲಿಗೆ ಸೇರುವುದಿಲ್ಲ. ಬ್ಯಾಂಕಿನ ಸಿಸಿ ಖಾತೆಯ ಬಡ್ಡಿಯನ್ನೂ ಸೇರಿಸುವಂತಿಲ್ಲ. ಪೇಟೆಯಲ್ಲಿ ಈ ಕೊನೆಯದನ್ನು ಒಪ್ಪಿಸುವುದು ಕಷ್ಟ. ಮೂರು ತಿಂಗಳು ತೊಗರಿ ಹಿಡಿದಿಟ್ಟವನಿಗೆ ಬಡ್ಡಿಯೇ ದೊಡ್ಡ ಖರ್ಚು. ಅದನ್ನು ತನ್ನ ಮನಸ್ಸಿನ ಅಸಲಿಗೆ ಕೂಡಿಸಿಕೊಂಡೇ ಅವನು ದರ ಹೇಳುತ್ತಾನೆ. ವ್ಯಾಪಾರದ ತೀರ್ಮಾನಕ್ಕೆ ಅದು ಸರಿ. ಆದರೆ ಬಡ್ಡಿಯಿಂದ ತೊಗರಿಯ ಗುಣವಾಗಲಿ ತೂಕವಾಗಲಿ ಹೆಚ್ಚುವುದಿಲ್ಲ, ಹೀಗಾಗಿ ಪುಸ್ತಕದಲ್ಲಿ ಅದು ಆಯಾ ವರ್ಷದ ಖರ್ಚಾಗಿಯೇ ಹೋಗಬೇಕು.

ಸಿಂದಗಿಯ ಒಂದು ಲೆಕ್ಕ

ಸಿಂದಗಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಒಂದು ಪಾಲುದಾರಿಕೆ ಸಂಸ್ಥೆ ಇದೆ ಎಂದುಕೊಳ್ಳೋಣ. ಇಲ್ಲಿನ ಅಂಕಿಗಳೆಲ್ಲ ಲೆಕ್ಕ ತಿಳಿಯಲು ಕಟ್ಟಿಕೊಂಡವು. ಸಂಸ್ಥೆ ಸ್ವಂತಕ್ಕೆ 500 ಕ್ವಿಂಟಲ್ ತೊಗರಿಯನ್ನು ಕ್ವಿಂಟಲ್‌ಗೆ 7,000 ರೂಪಾಯಿಯಂತೆ ಕೊಂಡಿದೆ. ಶುಲ್ಕ, ಹಮಾಲಿ, ಚೀಲ, ಬಾಡಿಗೆ ಸೇರಿ ಕ್ವಿಂಟಲ್‌ಗೆ 150 ಖರ್ಚಾಗಿದೆ. ಅಸಲು 7,150, ಒಟ್ಟು 35,75,000 ರೂಪಾಯಿ.

ಮಾರ್ಚ್ ಕೊನೆಗೆ ಆವಕ ಹೆಚ್ಚಿ ದರ ಇಳಿದಿದೆ. ಅದೇ ಗುಣದ ತೊಗರಿಗೆ ದಾಲ್ ಮಿಲ್ಲಿನವರು 6,700 ಕೊಡುತ್ತಾರೆ. ಲಾರಿಗೆ ಏರಿಸುವ ಹಮಾಲಿ, ಮಿಲ್ಲಿನ ತನಕ ಬಾಡಿಗೆ, ಮಾರಾಟದ ದಲಾಲಿ ಸೇರಿ 150 ಹೋಗುತ್ತದೆ. ಕೈಗೆ ಬರುವುದು 6,550. ಅಸಲಿಗಿಂತ ಇದು 600 ಕಡಿಮೆ, ಆದ್ದರಿಂದ ದಾಸ್ತಾನನ್ನು 6,550ರಂತೆ 32,75,000ಕ್ಕೆ ತೋರಿಸಬೇಕು. ಮೂರು ಲಕ್ಷ ರೂಪಾಯಿ ಈ ವರ್ಷದ ಲಾಭದಿಂದಲೇ ಇಳಿಯುತ್ತದೆ. 6,700 ಎಂಬ ಪೇಟೆ ದರವನ್ನೇ ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಯಾಕೆಂದರೆ 150 ರೂಪಾಯಿ ಖರ್ಚು ಮಾಡದೆ ಆ 6,700 ಕೈಸೇರುವುದಿಲ್ಲ.

ಬೆಲೆ ಇಳಿಸದೆ ಅಸಲಿನಲ್ಲೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಎರಡು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಬೇಕು. ಸಂಸ್ಥೆಗೆ ಉಳಿದ ವ್ಯಾಪಾರದಿಂದ ನಾಲ್ಕೂವರೆ ಲಕ್ಷ ಲಾಭ ಬಂದಿದೆ ಎಂದಿಟ್ಟುಕೊಳ್ಳಿ. ನಿಯಮದಂತೆ ನಡೆದರೆ ಲಾಭ ಒಂದೂವರೆ ಲಕ್ಷ. ನಡೆಯದಿದ್ದರೆ ನಾಲ್ಕೂವರೆ ಲಕ್ಷ ಕಾಣುತ್ತದೆ, ಪಾಲುದಾರರು ಅದನ್ನು ಹಂಚಿಕೊಂಡು ಖಾತೆಯಿಂದ ತೆಗೆಯುತ್ತಾರೆ, ತೆರಿಗೆಯನ್ನೂ ಅದರ ಮೇಲೆಯೇ ಕಟ್ಟುತ್ತಾರೆ. ಮೇ ತಿಂಗಳಲ್ಲಿ ತೊಗರಿಯನ್ನು 6,600ಕ್ಕೆ ಮಾರಿ ಖರ್ಚು ಕಳೆದು 6,450 ಸಿಕ್ಕಿತು ಎಂದರೆ ಕ್ವಿಂಟಲ್‌ಗೆ 700ರಂತೆ ಮೂರೂವರೆ ಲಕ್ಷದ ನಷ್ಟ ಹೊಸ ವರ್ಷದ ತಲೆಗೆ ಬರುತ್ತದೆ. ಅದರಲ್ಲಿ ಹೊಸ ವರ್ಷಕ್ಕೆ ನಿಜವಾಗಿ ಸೇರಿದ್ದು ಐವತ್ತು ಸಾವಿರ ಮಾತ್ರ. ಉಳಿದ ಮೂರು ಲಕ್ಷ ಮಾರ್ಚ್ 31ಕ್ಕೆ ಮೊದಲೇ ಆಗಿಹೋಗಿತ್ತು. ಏಪ್ರಿಲ್‌ನಲ್ಲಿ ಹೊಸದಾಗಿ ಸೇರಿದ ಪಾಲುದಾರನಿದ್ದರೆ, ತಾನು ಮಾಡದ ನಷ್ಟವನ್ನು ಅವನು ಹೊರುತ್ತಾನೆ. ಈ ಅನ್ಯಾಯವೇ ನಿಯಮದ ಹಿಂದಿರುವ ಮುಖ್ಯ ಕಾರಣವೆಂದು ನನಗನಿಸುತ್ತದೆ: ದಾಸ್ತಾನು ಎಂದರೆ ಮುಂದಿನ ವರ್ಷಕ್ಕೆ ದಾಟಿಸುವ ಖರ್ಚು, ಮುಂದಿನ ವರ್ಷದ ಮಾರಾಟದಿಂದ ಮರಳಿ ಬರುವಷ್ಟನ್ನು ಮಾತ್ರ ದಾಟಿಸುವ ಹಕ್ಕು ಈ ವರ್ಷಕ್ಕಿದೆ.

ಬೆಲೆ ಏರಿದಾಗ ಮಾತ್ರ ಏರಿಕೆಯನ್ನು ತೋರಿಸದಿರುವುದು ಏಕಪಕ್ಷೀಯವಲ್ಲವೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು 1953ರಲ್ಲೇ ಉತ್ತರ ಕೊಟ್ಟಿದೆ. ಚೈನರೂಪ್ ಸಂಪತ್ರಾಮ್ ಪ್ರಕರಣದಲ್ಲಿ ಕಲ್ಕತ್ತೆಯ ಒಂದು ವ್ಯಾಪಾರಿ ಸಂಸ್ಥೆ ತನ್ನ ಬೆಳ್ಳಿ ಗಟ್ಟಿಗಳನ್ನು ಬಿಕಾನೇರಿಗೆ ಸಾಗಿಸಿತ್ತು. ದಾಸ್ತಾನಿಗೆ ಬೆಲೆ ಕಟ್ಟಿದ್ದರಿಂದಲೇ ಅಲ್ಲಿ ಲಾಭ ಹುಟ್ಟಿತು ಎಂಬುದು ಅದರ ವಾದ. ಬೆಲೆ ಕಟ್ಟುವುದರಿಂದ ಲಾಭ ಹುಟ್ಟುವುದಿಲ್ಲ, ಲಾಭ ಹುಟ್ಟುವುದು ವ್ಯಾಪಾರದಿಂದ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಕಾಣುವ ನಷ್ಟವನ್ನು ಎಣಿಸುವುದು, ಇನ್ನೂ ಕೈಸೇರದ ಲಾಭವನ್ನು ಎಣಿಸದಿರುವುದು ವಾಣಿಜ್ಯದಲ್ಲಿ ಒಪ್ಪಿತವಾದ ರೂಢಿ ಎಂದೂ ಆ ತೀರ್ಪು ಗುರುತಿಸಿತು. ಕೊಳ್ಳುವವನು ಸಿಕ್ಕಿಲ್ಲ, ದರ ನಾಳೆ ತಿರುಗಬಹುದು, ಸರಕು ಕೆಡಬಹುದು; ಅಷ್ಟರೊಳಗೆ ಏರಿಕೆಯನ್ನು ಲಾಭವೆಂದು ಬರೆದು ಹಂಚಿದರೆ ಹಂಚಿದ ಹಣ ಮರಳುವುದಿಲ್ಲ.

ತೊಗರಿ ಬೇರೆ, ಕಡಲೆ ಬೇರೆ

ಅದೇ ಸಂಸ್ಥೆಯಲ್ಲಿ 500 ಕ್ವಿಂಟಲ್ ಕಡಲೆಯೂ ಇದೆ ಎನ್ನೋಣ. ಅಸಲು 5,000, ಈಗ ಖರ್ಚು ಕಳೆದು 5,600 ಸಿಗುತ್ತದೆ. ತೊಗರಿಯಲ್ಲಿ ಮೂರು ಲಕ್ಷ ಹೋಯಿತು, ಕಡಲೆಯಲ್ಲಿ ಮೂರು ಲಕ್ಷ ಬಂತು, ಒಟ್ಟು ನೋಡಿದರೆ ಅಸಲೂ 60,75,000, ವಸೂಲಿಯೂ 60,75,000. ಹಾಗಿದ್ದರೆ ಏನನ್ನೂ ಇಳಿಸಬೇಕಿಲ್ಲ ಎಂದು ವಾದಿಸುವುದು ಸುಲಭ, ಮತ್ತು ಪೇಟೆಯಲ್ಲಿ ಹೆಚ್ಚಾಗಿ ಕೇಳಿಬರುವ ವಾದವೂ ಇದೇ. ಎಎಸ್ 2 ಇದನ್ನು ಒಪ್ಪುವುದಿಲ್ಲ. ಪ್ರತಿಯೊಂದು ಬಗೆಯ ಸರಕನ್ನು ಬೇರೆಬೇರೆಯಾಗಿ ಹೋಲಿಸಬೇಕು. ತೊಗರಿ 32,75,000, ಕಡಲೆ ಅಸಲಿನಂತೆ 25,00,000, ದಾಸ್ತಾನು ಒಟ್ಟು 57,75,000. ಒಟ್ಟಿಗೆ ನೋಡಿದರೆ ಕಡಲೆಯ ಇನ್ನೂ ಬಾರದ ಲಾಭದಿಂದ ತೊಗರಿಯ ಆಗಿಹೋದ ನಷ್ಟವನ್ನು ಮುಚ್ಚಿದಂತಾಗುತ್ತದೆ.

ಬಗೆ ಎಂದರೆ ಬೆಳೆಯ ಹೆಸರು ಮಾತ್ರವಲ್ಲ. ಬಸವನ ಬಾಗೇವಾಡಿ, ಇಂಡಿ ಕಡೆಯ ಮಣೂಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಒಣಗಿಸುತ್ತಾರೆ. ಅಂದಾಜು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ. ಹಸಿರು ಬಣ್ಣ ಉಳಿದು ಕಾಳು ದಪ್ಪವಾಗಿದ್ದರೆ ಒಳ್ಳೆಯ ದರ. ಒಣಗುವಾಗ ಅಕಾಲಿಕ ಮಳೆ ಬಿದ್ದರೆ, ಅಥವಾ ತಂಪು ಗೋದಾಮಿಗೆ ಸೇರುವುದು ತಡವಾದರೆ, ಬಣ್ಣ ಕಂದಿ ದರ ಬಿದ್ದುಹೋಗುತ್ತದೆ. ವ್ಯಾಪಾರಿ ಒಂದು ಶೆಡ್ಡಿನ ಮಾಲನ್ನು ಒಂದೇ ಸರಾಸರಿ ದರಕ್ಕೆ ಎತ್ತಿದ್ದರೆ ಎಲ್ಲ ಪೆಟ್ಟಿಗೆಗಳ ಅಸಲೂ ಒಂದೇ. ಮಾರ್ಚ್ 31ರಂದು ಮಾತ್ರ ಹಸಿರು ಮಾಲಿನ ವಸೂಲಿ ಬೆಲೆ ಅಸಲಿಗಿಂತ ಮೇಲಿರುತ್ತದೆ, ಕಂದಿದ ಮಾಲಿನದು ತೀರಾ ಕೆಳಗಿರುತ್ತದೆ. ಒಟ್ಟು ಮಣೂಕ ಇಷ್ಟು ಟನ್ ಎಂದು ಒಂದೇ ಸಾಲು ಬರೆದ ದಾಸ್ತಾನು ಪಟ್ಟಿಯಲ್ಲಿ ಈ ನಷ್ಟ ಕಾಣಿಸುವುದೇ ಇಲ್ಲ. ಬಣ್ಣ, ಗಾತ್ರದ ಪ್ರಕಾರ ಲಾಟ್ ಲಾಟ್ ಆಗಿ ಬರೆದಾಗಲೇ ಅದು ಹೊರಬರುತ್ತದೆ. ನುಸಿ ಹಿಡಿದ ತೊಗರಿ, ಹಸಿಯಿಂದ ಕಪ್ಪಾದ ಕಡಲೆಗೂ ಇದೇ ಮಾತು.

ಬೆಂಬಲ ಬೆಲೆ ವ್ಯಾಪಾರಿಯ ವಸೂಲಿ ಬೆಲೆಯಲ್ಲ

ನಾಲ್ಕೂ ತಾಲ್ಲೂಕುಗಳಲ್ಲಿ ತೊಗರಿ ದಾಸ್ತಾನಿನ ಬಗ್ಗೆ ಆಗುವ ಅತಿ ದೊಡ್ಡ ತಪ್ಪು ಬೆಂಬಲ ಬೆಲೆಯನ್ನೇ ವಸೂಲಿ ಬೆಲೆಯೆಂದು ಹಿಡಿಯುವುದು. 2015ರಲ್ಲಿ ತೊಗರಿ ಬೇಳೆ ದೇಶದ ಅನೇಕ ನಗರಗಳಲ್ಲಿ ಕಿಲೊಗೆ 200 ರೂಪಾಯಿ ಮುಟ್ಟಿತ್ತು. ಮರುವರ್ಷ ರೈತರು ಎಲ್ಲೆಡೆ ತೊಗರಿ ಬಿತ್ತಿದರು, ಮಳೆಯೂ ಕೈಗೂಡಿತು, ಆಮದೂ ಬಂತು. 2016-17ರ ಸುಗ್ಗಿಯಲ್ಲಿ ದರ ಕುಸಿಯಿತು. ಕೇಂದ್ರದ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ಇತ್ತು, ರಾಜ್ಯ ಸರ್ಕಾರ 450 ಸೇರಿಸಿ 5,500 ಮಾಡಿತು. ಮುಕ್ತ ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತಿತು.

ಅಂಥ ವರ್ಷದಲ್ಲಿ ವ್ಯಾಪಾರಿ ತನ್ನ ದಾಸ್ತಾನಿನ ವಸೂಲಿ ಬೆಲೆಯಾಗಿ ಬೆಂಬಲ ಬೆಲೆಯನ್ನು ಹಿಡಿಯಬಹುದೇ? ಹಿಡಿಯುವಂತಿಲ್ಲ. ಬೆಂಬಲ ಬೆಲೆಗೆ ಸರ್ಕಾರ ಕೊಳ್ಳುವುದು ನೋಂದಾಯಿಸಿದ ರೈತರಿಂದ, ಅದೂ ನಿಗದಿಪಡಿಸಿದ ಮಿತಿಯೊಳಗೆ. ಆ ಬಾಗಿಲು ವ್ಯಾಪಾರಿಗೆ ತೆರೆದಿಲ್ಲ. ಅವನ ಸಹಜ ವ್ಯಾಪಾರದಲ್ಲಿ ಕೊಳ್ಳುವವರು ದಾಲ್ ಮಿಲ್ಲುಗಳು, ಬೇರೆ ಊರಿನ ಸಗಟು ವ್ಯಾಪಾರಿಗಳು. ಅವರು ಕೊಡುವ ದರವೇ ಅವನ ದರ. ವಸೂಲಿ ಮೌಲ್ಯವನ್ನು ಕಟ್ಟುವಾಗ ಕೇಳಬೇಕಾದದ್ದು ಇದೇ: ಈ ಸರಕನ್ನು ಈ ಸಂಸ್ಥೆ ಯಾರಿಗೆ, ಯಾವ ದಾರಿಯಲ್ಲಿ ಮಾರುತ್ತದೆ? ಬೆಂಬಲ ಬೆಲೆಯಿಂದ ಪೇಟೆಯ ದರಕ್ಕೆ ಸ್ವಲ್ಪ ಆಸರೆ ಸಿಗಬಹುದು. ಆ ಪರಿಣಾಮ ಇದ್ದರೆ ಅದು ಪೇಟೆಯ ದರದಲ್ಲೇ ಕಾಣುತ್ತದೆ, ಮತ್ತೆ ಬೇರೆಯಾಗಿ ಸೇರಿಸಬೇಕಿಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ ಬರುತ್ತದೆ, ಗೋದಾಮಿನಲ್ಲಿರುವ ಸರಕು ಯಾರದು ಎಂಬುದು. ಒಕ್ಕಲುತನ ಹುಟ್ಟುವಳಿ ಮಾರಾಟ ಸಂಘಗಳು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಬೆಂಬಲ ಬೆಲೆ ಯೋಜನೆಯಲ್ಲಿ ತೊಗರಿ ಕೊಳ್ಳುವುದು ನೋಡಲ್ ಸಂಸ್ಥೆಗಳ ಪರವಾಗಿ, ಕಮಿಷನ್ ಮೇಲೆ. ಆ ಚೀಲಗಳು ಸಂಘದ ಆವರಣದಲ್ಲಿದ್ದರೂ ಸಂಘದ ದಾಸ್ತಾನಲ್ಲ. ಅಡತ್ ಅಂಗಡಿಯಲ್ಲಿ ದರ ಬರಲೆಂದು ರೈತ ಬಿಟ್ಟುಹೋದ ತೊಗರಿಯೂ ಹಾಗೆಯೇ: ಅಡತ್ ವ್ಯಾಪಾರಿ ಅದರ ಮೇಲೆ ಮುಂಗಡ ಕೊಟ್ಟಿದ್ದರೆ ಆ ಮುಂಗಡ ಬರಬೇಕಾದ ಬಾಕಿಯಾಗುತ್ತದೆ, ತೊಗರಿ ಮಾತ್ರ ರೈತನದಾಗಿಯೇ ಉಳಿಯುತ್ತದೆ. ಎಣಿಕೆಗೆ ಹೋದ ಪರಿಶೋಧಕ ಚೀಲ ಎಣಿಸಿದರೆ ಕೆಲಸ ಮುಗಿಯುವುದಿಲ್ಲ. ಲಾಟಿನ ಚೀಟಿಯನ್ನೂ ನೋಡಬೇಕು.

ಸಂಘಗಳ ಸ್ವಂತ ದಾಸ್ತಾನಿನಲ್ಲಿ ಕಷ್ಟ ಕೊಡುವುದು ಬೇರೆ ಸರಕು: ಬೀಜ ಮತ್ತು ಕೀಟನಾಶಕ. ಪ್ರಮಾಣಿತ ಬೀಜಕ್ಕೆ ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳ ಅವಧಿ. ಮುಂಗಾರಿಗೆ ತಂದ ತೊಗರಿ ಬೀಜ ಮಾರ್ಚ್‌ವರೆಗೆ ಉಳಿದಿದ್ದರೆ, ಮರುಪರೀಕ್ಷೆಯಲ್ಲಿ ತೇರ್ಗಡೆಯಾಗದ ಹೊರತು ಅದನ್ನು ಬೀಜವೆಂದು ಮಾರುವಂತಿಲ್ಲ. ಕಂಪನಿ ಮರಳಿ ಪಡೆಯುವ ಒಪ್ಪಂದವಿದ್ದರೆ ಮರಳಿ ಕೊಟ್ಟಾಗ ಸಿಗುವ ಹಣವೇ ವಸೂಲಿ ಮೌಲ್ಯ. ಅವಧಿ ಮುಗಿದ ಕೀಟನಾಶಕದ ಬಾಟಲಿಗೆ ವಸೂಲಿ ಮೌಲ್ಯ ಶೂನ್ಯ, ವಿಲೇವಾರಿಗೆ ಖರ್ಚು ಬೇರೆ. ಇದನ್ನು ವರ್ಷವರ್ಷವೂ ಅಸಲಿನಲ್ಲೇ ಎಳೆದುಕೊಂಡು ಬರುವ ಸಂಘ ತನ್ನ ಶೇರುದಾರ ರೈತರಿಗೆ ಇಲ್ಲದ ಲಾಭದಿಂದ ಲಾಭಾಂಶ ಕೊಡುತ್ತಿರುತ್ತದೆ. ಕೊನೆಗೆ ಆ ಕೊರತೆಯನ್ನು ತುಂಬುವವರೂ ಅದೇ ರೈತರು ಎಂಬುದು ನೋವಿನ ಸಂಗತಿ.

ದಾಲ್ ಮಿಲ್ಲಿನಲ್ಲಿ ನಿಯಮ ಸ್ವಲ್ಪ ಬದಲಾಗುತ್ತದೆ

ಮುದ್ದೇಬಿಹಾಳದಲ್ಲಿ ಒಂದು ದಾಲ್ ಮಿಲ್ಲು ಇದೆ, ಅದರಲ್ಲಿಯೂ 7,150 ಅಸಲಿನ ತೊಗರಿ ಇದೆ, ಪೇಟೆ ದರ 6,700ಕ್ಕೆ ಇಳಿದಿದೆ ಎಂದುಕೊಳ್ಳೋಣ. ಮಿಲ್ಲಿನವನೂ ಬೆಲೆ ಇಳಿಸಬೇಕೇ? ತಕ್ಷಣ ಇಳಿಸಬೇಕಿಲ್ಲ. ಅವನು ತೊಗರಿ ಮಾರುವವನಲ್ಲ, ಬೇಳೆ ಮಾರುವವನು. ಕಚ್ಚಾ ಸರಕಿನಿಂದ ಆಗುವ ಬೇಳೆ ತನ್ನ ಅಸಲಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ ಮಾರಾಟವಾಗುವಂತಿದ್ದರೆ ತೊಗರಿಯನ್ನು ಅಸಲಿನಲ್ಲೇ ಇಡಬೇಕು ಎನ್ನುತ್ತದೆ ಎಎಸ್ 2.

ಲೆಕ್ಕ ಹೀಗೆ ನಡೆಯುತ್ತದೆ. ಒಂದು ಕ್ವಿಂಟಲ್ ತೊಗರಿಯಿಂದ 72 ಕಿಲೊ ಬೇಳೆ ಬರುತ್ತದೆ ಎಂದಿಟ್ಟುಕೊಳ್ಳಿ. ನುಚ್ಚು, ಚುನ್ನಿ, ಹೊಟ್ಟು ದನದ ಮೇವಿಗೆ ಹೋಗಿ 480 ರೂಪಾಯಿ ತರುತ್ತವೆ. ಒಡೆಯುವ ಖರ್ಚು 250. ಬೇಳೆ ಮಾರುವ ಖರ್ಚು ಕಳೆದು ಕಿಲೊಗೆ 98 ಸಿಗುವುದಾದರೆ, ಬೇಳೆಯಿಂದ 7,056, ಉಪ ಉತ್ಪನ್ನದಿಂದ 480, ಅದರಲ್ಲಿ ಒಡೆಯುವ ಖರ್ಚು ಕಳೆದರೆ 7,286. ಇದು 7,150ಕ್ಕಿಂತ ಹೆಚ್ಚು. ತೊಗರಿ ಅಸಲಿನಲ್ಲೇ ಉಳಿಯುತ್ತದೆ. ಬೇಳೆಯೂ ಇಳಿದು ಕಿಲೊಗೆ 92 ಆಗಿದ್ದರೆ 6,624 ಮತ್ತು 480 ಸೇರಿ, 250 ಕಳೆದು, ಸಿಗುವುದು 6,854. ಈಗ ತೊಗರಿಯ ಬೆಲೆ ಇಳಿಸಲೇಬೇಕು. ಎಷ್ಟಕ್ಕೆ? ಇಂಥ ಸಂದರ್ಭದಲ್ಲಿ ಅದೇ ತೊಗರಿಯನ್ನು ಇವತ್ತು ಕೊಂಡು ತರಲು ಆಗುವ ಬೆಲೆಯೇ ಸಿಗುವ ಅತ್ಯುತ್ತಮ ಅಳತೆಯಾಗಬಹುದು ಎಂದು ಮಾನಕ ಹೇಳುತ್ತದೆ: 6,700 ದರ, 150 ಖರ್ಚು, ಒಟ್ಟು 6,850. ಎರಡೂ ದಾರಿಯ ಲೆಕ್ಕ ಇಲ್ಲಿ ಹತ್ತಿರ ಬಂದಿರುವುದರಿಂದ ಆ ಅಂಕಿಯನ್ನು ನಂಬಬಹುದು. ಎರಡೂ ದೂರ ದೂರ ಬಂದರೆ ಇಳುವರಿಯ ಅಂದಾಜನ್ನೋ ಬೇಳೆಯ ದರವನ್ನೋ ಮತ್ತೆ ನೋಡಬೇಕು.

ಮೊದಲೇ ಮಾತಾದ ಮಾರಾಟ, ಆಮೇಲೆ ಬಂದ ಸುದ್ದಿ

ಸಿಂದಗಿಯ ಸಂಸ್ಥೆ ತನ್ನ 500 ಕ್ವಿಂಟಲ್‌ನಲ್ಲಿ 200ನ್ನು 7,400ಕ್ಕೆ ಕೊಡುವುದಾಗಿ ಫೆಬ್ರುವರಿಯಲ್ಲೇ ಒಂದು ಮಿಲ್ಲಿನೊಂದಿಗೆ ಪಕ್ಕಾ ಒಪ್ಪಂದ ಮಾಡಿಕೊಂಡಿದ್ದರೆ ಆ 200ಕ್ಕೆ ಒಪ್ಪಂದದ ದರವೇ ಆಧಾರ. ಖರ್ಚು ಕಳೆದು 7,250 ಬರುತ್ತದೆ, ಅಸಲು ಅದಕ್ಕಿಂತ ಕಡಿಮೆ, ಹೀಗಾಗಿ 7,150ಕ್ಕೇ ತೋರಿಸಬೇಕು. ಉಳಿದ 300ಕ್ಕೆ ಮಾತ್ರ 6,550. ನಷ್ಟ ಮೂರು ಲಕ್ಷದಿಂದ ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಇಳಿಯುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ಒಪ್ಪಂದ ಎಷ್ಟು ಗಟ್ಟಿ ಎಂಬುದರಲ್ಲಿ. ದರ ಬಿದ್ದ ಮೇಲೆ ಫೋನಿನಲ್ಲಿ ಮಾತಾಡಿದ ಸೌದಾ ಎಷ್ಟೋ ಸಲ ಮುರಿಯುತ್ತದೆ. ಬರಹ, ಮುಂಗಡ, ಹಿಂದೆ ಮಾತು ಉಳಿಸಿಕೊಂಡ ದಾಖಲೆ ಇಲ್ಲದಿದ್ದರೆ ಪೇಟೆಯ ದರವನ್ನೇ ಹಿಡಿಯುವುದು ಸರಿ.

ಲೆಕ್ಕ ಮುಗಿಸಿ ಸಹಿ ಹಾಕುವುದು ಜೂನ್, ಜುಲೈ, ಕೆಲವೊಮ್ಮೆ ಇನ್ನೂ ತಡ. ಅಷ್ಟರಲ್ಲಿ ತೊಗರಿ ಮಾರಾಟವಾಗಿಯೇ ಹೋಗಿರುತ್ತದೆ. ಆ ಮಾರಾಟದ ಬಿಲ್ಲುಗಳನ್ನು ನೋಡಬಹುದು, ನೋಡಲೂಬೇಕು, ಆದರೆ ಅವು ಮಾರ್ಚ್ 31ರಂದು ಇದ್ದ ಸ್ಥಿತಿಯನ್ನು ದೃಢಪಡಿಸುವಷ್ಟಕ್ಕೆ ಮಾತ್ರ. ಏಪ್ರಿಲ್ ಮೊದಲ ವಾರದಲ್ಲಿ ನುಸಿ ತೊಗರಿ ಕಡಿಮೆ ದರಕ್ಕೆ ಹೋಯಿತು ಎಂದರೆ ನುಸಿ ಮಾರ್ಚಿನಲ್ಲೇ ಇತ್ತು ಎಂಬುದಕ್ಕೆ ಅದು ಸಾಕ್ಷಿ. 2021ರ ಮೇ 15ರಂದು ಕೇಂದ್ರ ಸರ್ಕಾರ ತೊಗರಿ ಆಮದನ್ನು ನಿರ್ಬಂಧಿತ ಪಟ್ಟಿಯಿಂದ ಮುಕ್ತ ಪಟ್ಟಿಗೆ ಸೇರಿಸಿತು. ಅದರಿಂದಾದ ದರದ ಏರುಪೇರು 2021ರ ಮಾರ್ಚ್ 31ರ ದಾಸ್ತಾನನ್ನು ಮುಟ್ಟುವುದಿಲ್ಲ. ಆ ದಿನ ಯಾವ ವ್ಯಾಪಾರಿಗೂ ಅದು ತಿಳಿದಿರಲಿಲ್ಲ, ಆ ಸ್ಥಿತಿಯೂ ಇರಲಿಲ್ಲ. ಅದು ಹೊಸ ವರ್ಷದ ಘಟನೆ, ಹೊಸ ವರ್ಷದ ಲೆಕ್ಕ.

ತಪ್ಪು ಹೇಗೆ ಗೊತ್ತಾಗುತ್ತದೆ

ದಾಸ್ತಾನು ಉಬ್ಬಿಸಿ ತೋರಿಸುವುದಕ್ಕೆ ಈ ಭಾಗದಲ್ಲಿ ಹೆಚ್ಚಾಗಿ ಬ್ಯಾಂಕಿನ ಸಿಸಿ ಮಿತಿಯೇ ಕಾರಣ. ಪ್ರತಿ ತಿಂಗಳು ಕೊಡುವ ದಾಸ್ತಾನು ಪಟ್ಟಿಯ ಮೇಲೆ, ಮಾರ್ಜಿನ್ ಕಳೆದು, ಎಷ್ಟು ಹಣ ತೆಗೆಯಬಹುದು ಎಂಬುದನ್ನು ಬ್ಯಾಂಕು ಗೊತ್ತುಮಾಡುತ್ತದೆ. ದರ ಇಳಿದಾಗ ಬೆಲೆ ಇಳಿಸಿ ಬರೆದರೆ ತೆಗೆಯುವ ಹಣವೂ ಇಳಿಯುತ್ತದೆ, ಆಗಲೇ ತೆಗೆದದ್ದನ್ನು ತುಂಬಬೇಕಾಗುತ್ತದೆ. ಆ ಒತ್ತಡದಲ್ಲಿ ಹಳೆಯ ದರವನ್ನೇ ಬರೆಯುತ್ತಾರೆ.

ಇದನ್ನು ಹಿಡಿಯುವುದು ಕಷ್ಟವಲ್ಲ. ಎಪಿಎಂಸಿಗಳ ದಿನದಿನದ ಕನಿಷ್ಠ, ಗರಿಷ್ಠ ಮತ್ತು ಮಾದರಿ ದರಗಳು ಕೃಷಿ ಮಾರಾಟ ವಾಹಿನಿಯಲ್ಲಿ ಸಿಗುತ್ತವೆ. ದಾಸ್ತಾನಿನ ಮೊತ್ತವನ್ನು ಕ್ವಿಂಟಲ್‌ಗಳಿಂದ ಭಾಗಿಸಿ ಬಂದ ದರವನ್ನು ಮಾರ್ಚ್ ಕೊನೆಯ ವಾರದ ಮಾದರಿ ದರದ ಪಕ್ಕಕ್ಕೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಏಪ್ರಿಲ್, ಮೇ ತಿಂಗಳ ಮಾರಾಟ ಬಿಲ್ಲುಗಳು. ದರ ಬಿದ್ದ ವರ್ಷದಲ್ಲಿ ಒಟ್ಟು ಲಾಭದ ಶೇಕಡಾವಾರು ಹಿಂದಿನ ವರ್ಷದಷ್ಟೇ ಅಥವಾ ಹೆಚ್ಚಾಗಿ ಕಂಡರೆ, ಮತ್ತು ಮರುವರ್ಷದ ಮೊದಲ ಮೂರು ತಿಂಗಳಲ್ಲಿ ಅದು ತಟ್ಟನೆ ಕುಸಿದರೆ, ಕಾರಣ ಬಹುತೇಕ ದಾಸ್ತಾನಿನಲ್ಲೇ ಇರುತ್ತದೆ. ಬ್ಯಾಂಕಿಗೆ ಕೊಟ್ಟ ಮಾರ್ಚ್ ಪಟ್ಟಿಗೂ ಅಢಾವೆ ಪತ್ರಿಕೆಗೂ ಅಂತರವಿದ್ದರೆ ಎರಡರಲ್ಲಿ ಒಂದು ಸುಳ್ಳು.

ನಿಯಮದ ಅಂಚುಗಳು

ಒಂದು ಸಲ ಇಳಿಸಿದ ಬೆಲೆ ಶಾಶ್ವತವಲ್ಲ. ಪ್ರತಿ ಮಾರ್ಚ್ 31ರಂದು ಹೋಲಿಕೆ ಹೊಸದಾಗಿ ನಡೆಯಬೇಕು. ಅದೇ ತೊಗರಿ ಮರುವರ್ಷವೂ ಉಳಿದು ದರ 7,600ಕ್ಕೆ ಏರಿದರೆ 6,550ರಿಂದ ಮೇಲಕ್ಕೆ ತರಬಹುದು. ಇಂಡ್ ಎಎಸ್ 2 ಇದನ್ನು ಬಾಯಿಬಿಟ್ಟು ಹೇಳುತ್ತದೆ, ಮಿತಿಯನ್ನೂ ಹೇಳುತ್ತದೆ: ಮೊದಲಿನ ಅಸಲಾದ 7,150ರವರೆಗೆ, ಅದರಾಚೆ ಇಲ್ಲ. ಹೊರಗೆ ಉಳಿದ ಏರಿಕೆ ಮಾರಾಟವಾದ ದಿನ ತಾನಾಗಿಯೇ ಲಾಭವಾಗಿ ಬರುತ್ತದೆ.

ವ್ಯಾಪಾರವೇ ನಿಂತುಹೋಗುವಾಗ ನಿಯಮವೂ ನಿಲ್ಲುತ್ತದೆ. ಪಾಲುದಾರಿಕೆ ಮುರಿದು ಅಂಗಡಿ ಮುಚ್ಚಿದರೆ ದಾಸ್ತಾನನ್ನು ಪೇಟೆಯ ಬೆಲೆಗೇ ಎಣಿಸಬೇಕು, ಅದು ಅಸಲಿಗಿಂತ ಹೆಚ್ಚಿದ್ದರೂ ಸರಿ, ಎಂದು ಸುಪ್ರೀಂ ಕೋರ್ಟು 1991ರಲ್ಲಿ ಎ.ಎಲ್.ಎ. ಫರ್ಮ್ ಪ್ರಕರಣದಲ್ಲಿ ತೀರ್ಮಾನಿಸಿತು. ಮುಂದಿನ ವರ್ಷವೇ ಇಲ್ಲದಾಗ ಮುಂದಕ್ಕೆ ದಾಟಿಸುವ ಮಾತೂ ಇಲ್ಲ. ಆದರೆ ಪಾಲುದಾರ ತೀರಿಕೊಂಡು ಉಳಿದವರು ಅದೇ ವ್ಯಾಪಾರವನ್ನು ತಡೆಯಿಲ್ಲದೆ ಮುಂದುವರಿಸಿದರೆ ಹಳೆಯ ನಿಯಮವೇ ನಡೆಯುತ್ತದೆ ಎಂದು 2001ರ ಶಕ್ತಿ ಟ್ರೇಡಿಂಗ್ ಕಂಪನಿ ತೀರ್ಪು ಹೇಳಿತ್ತು; ತೆರಿಗೆಯ ಲೆಕ್ಕಕ್ಕೆ ಮಾತ್ರ, ಪಾಲುದಾರಿಕೆ ವಿಸರ್ಜನೆಯಾದರೆ ವ್ಯಾಪಾರ ಮುಂದುವರಿದರೂ ನಿವ್ವಳ ವಸೂಲಿ ಮೌಲ್ಯವನ್ನೇ ಹಿಡಿಯಬೇಕು ಎನ್ನುತ್ತದೆ ಐಸಿಡಿಎಸ್ 2. ತಂದೆ ಮಕ್ಕಳು, ಅಣ್ಣ ತಮ್ಮಂದಿರು ಪಾಲುದಾರರಾಗಿರುವ ಈ ಕಡೆಯ ಅಂಗಡಿಗಳು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಬೆಳೆಗಾರನ ಸ್ವಂತ ಫಸಲು ಈ ನಿಯಮದ ಹೊರಗಿದೆ. ಜಿಐ ಮಾನ್ಯತೆ ಪಡೆದ ಇಂಡಿಯ ಲಿಂಬೆಯನ್ನೇ ತೆಗೆದುಕೊಳ್ಳಿ. ತೋಟದ ಖರ್ಚನ್ನು ವರ್ಷವಿಡೀ ಬರುವ ಕಾಯಿಗಳಿಗೆ ಹಂಚಿ ಒಂದು ಚೀಲ ಲಿಂಬೆಯ ಅಸಲು ಇಷ್ಟು ಎಂದು ಹೇಳುವುದು ಅಸಾಧ್ಯಕ್ಕೆ ಹತ್ತಿರದ ಕೆಲಸ. ಅಂಥ ಬೆಳೆಗಾರರು ರೂಢಿಯಂತೆ ಕೊಯ್ದ ಮಾಲನ್ನು ನಿವ್ವಳ ವಸೂಲಿ ಮೌಲ್ಯಕ್ಕೇ ಎಣಿಸುವಷ್ಟರ ಮಟ್ಟಿಗೆ ಎಎಸ್ 2 ಅವರಿಗೆ ಅನ್ವಯಿಸುವುದಿಲ್ಲ. ಅದೇ ಲಿಂಬೆಯನ್ನು ಸವಾಲಿನಲ್ಲಿ ಕೊಂಡ ವ್ಯಾಪಾರಿಗೆ ಅಸಲು ಗೊತ್ತಿದೆ, ಬಿಲ್ಲೂ ಇದೆ. ಮಾರ್ಚ್ 31ರ ಸಂಜೆ ಅವನ ಅಂಗಡಿಯಲ್ಲಿ ಉಳಿದ ಚೀಲಗಳಿಗೆ ನಿಯಮ ಪೂರ್ತಿಯಾಗಿ ಅನ್ವಯಿಸುತ್ತದೆ. ಹಣ್ಣಾಗಿ ಹಳದಿಗೆ ತಿರುಗಿದ ಕಾಯಿಯನ್ನು ಉಪ್ಪಿನಕಾಯಿಯವರು ಎಷ್ಟಕ್ಕೆ ಎತ್ತುತ್ತಾರೋ, ಅದರಲ್ಲಿ ಹಮಾಲಿ ಮತ್ತು ಬಾಡಿಗೆ ಕಳೆದು ಉಳಿಯುವುದು ಅಸಲಿಗಿಂತ ಕಡಿಮೆಯಿದ್ದರೆ, ಆ ಚೀಲಗಳ ಬೆಲೆ ಅಷ್ಟೇ.